ಶಿರಸಿಯ ಮಳೆಗಾಲ ಮತ್ತು ಚಾರ್ಜಿಂಗ್ ಟೈಮರ್

ಮೊಬೈಲನ್ನು ರಾತ್ರಿಯಿಡೀ ಚಾರ್ಜರಿಗೆ ಹಚ್ಚಿಡುವ ಬದಲು ಟೈಮರ್ ಹಾಕಿ ಬೆಳಗಿನ ಜಾವ ಮಾತ್ರ ಚಾರ್ಜ್ ಮಾಡಿಕೊಳ್ಳಿ ಎಂಬ ಸಲಹೆಯನ್ನು ನೀವೂ ಕೇಳಿರುತ್ತೀರಿ. ಅದರ ಹಿಂದಿನ ಕಾರಣ ಸರಿಯಾದದ್ದೇ: ಲಿಥಿಯಂ ಅಯಾನ್ ಬ್ಯಾಟರಿಯು ಪೂರ್ತಿ ತುಂಬಿದ ಸ್ಥಿತಿಯಲ್ಲಿ, ಅದರಲ್ಲೂ ಬಿಸಿಯಾಗಿ, ಹೆಚ್ಚು ಹೊತ್ತು ಇದ್ದಷ್ಟೂ ಬೇಗ ಸವೆಯುತ್ತದೆ. ಆದರೆ ಈ ಸಲಹೆ ಕರೆಂಟು ಹೋಗದ ಊರಿಗೆ ಹೇಳಿದ್ದು. ಗಾಳಿಗೆ ಮರ ಬಿದ್ದು ತಂತಿ ಹರಿಯುವ ಶಿರಸಿಯ ಹಳ್ಳಿಗಳಿಗೆ ಹೊಂದುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಅಗ್ಗದ ಡಯಲ್ ಟೈಮರನ್ನೇ ತೆಗೆದುಕೊಳ್ಳೋಣ. ಅದರ ಡಯಲನ್ನು ತಿರುಗಿಸುವ ಸಣ್ಣ ಮೋಟಾರು ನಡೆಯುವುದು ಅದೇ ಸಾಕೆಟ್ಟಿನ ಕರೆಂಟಿನಿಂದ. ಬೆಳಿಗ್ಗೆ 4ರಿಂದ 5.30ರವರೆಗೆ ಚಾರ್ಜ್ ಆಗಲಿ ಎಂದು ಪಿನ್ನುಗಳನ್ನು ಒತ್ತಿಟ್ಟಿದ್ದೀರಿ, ರಾತ್ರಿ 1ರಿಂದ 3ರವರೆಗೆ ಕರೆಂಟು ಇರಲಿಲ್ಲ ಎಂದುಕೊಳ್ಳಿ. ಆ ಎರಡು ಗಂಟೆ ಡಯಲ್ ನಿಂತಲ್ಲೇ ನಿಂತಿರುತ್ತದೆ, ಚಾರ್ಜಿಂಗ್ ಶುರುವಾಗುವುದು 6ಕ್ಕೆ, 5.30ಕ್ಕೆ ಎದ್ದು ಹುಬ್ಬಳ್ಳಿ ಬಸ್ಸಿಗೆ ಹೊರಟವರ ಕೈಯಲ್ಲಿ ರಾತ್ರಿ ಇದ್ದ ಶೇಕಡಾ 20ರ ಮೊಬೈಲೇ ಇರುತ್ತದೆ. ಯಾರಾದರೂ ಡಯಲನ್ನು ಕೈಯಿಂದ ತಿರುಗಿಸಿ ಸರಿಪಡಿಸುವವರೆಗೂ ಈ ಹಿನ್ನಡೆ ಉಳಿಯುತ್ತದೆ, ಮುಂದಿನ ಸಲ ಕರೆಂಟು ಹೋದಾಗ ಇನ್ನಷ್ಟು ಬೆಳೆಯುತ್ತದೆ. ಡಯಲಿನ ಬಾಣದ ಗುರುತು ತೋರಿಸುವ ಹೊತ್ತನ್ನು ಗೋಡೆ ಗಡಿಯಾರಕ್ಕೆ ಹೋಲಿಸಿದರೆ ಇದು ತಿಳಿಯುತ್ತದೆ.

ಸ್ಮಾರ್ಟ್ ಪ್ಲಗ್ ಹೊತ್ತನ್ನು ಇಂಟರ್ನೆಟ್ಟಿನಿಂದ ತಿಳಿದುಕೊಳ್ಳುವುದರಿಂದ ಅದಕ್ಕೆ ಈ ದೋಷವಿಲ್ಲ, ಬೇರೆಯದಿದೆ. ಕರೆಂಟು ಮರಳಿದಾಗ ಪ್ಲಗ್ ಆನ್ ಆಗಬೇಕೋ, ಆಫ್ ಇರಬೇಕೋ, ಹಿಂದಿನ ಸ್ಥಿತಿಗೇ ಹೋಗಬೇಕೋ ಎಂಬ ಆಯ್ಕೆ ಸಾಮಾನ್ಯವಾಗಿ ಅದರ ಆ್ಯಪ್‌ನಲ್ಲಿರುತ್ತದೆ. ಹಿಂದಿನ ಸ್ಥಿತಿ ಎಂದು ಇಟ್ಟಿದ್ದು, 5.25ಕ್ಕೆ ಹೋದ ಕರೆಂಟು 5.40ಕ್ಕೆ ಬಂದರೆ, 5.30ಕ್ಕೆ ಆಫ್ ಆಗಬೇಕಿದ್ದ ಆದೇಶ ಅನೇಕ ಪ್ಲಗ್ಗುಗಳಲ್ಲಿ ತಪ್ಪಿಹೋಗುತ್ತದೆ. ಪ್ಲಗ್ ಆನ್ ಆಗಿಯೇ ಉಳಿದು, ಯಾವುದನ್ನು ತಪ್ಪಿಸಲು ಇಷ್ಟೆಲ್ಲ ಮಾಡಿದೆವೋ ಅದೇ ನಡೆಯುತ್ತದೆ. ಆಫ್ ಎಂದು ಇಟ್ಟರೆ, 4.15ಕ್ಕೆ ಕರೆಂಟು ಒಮ್ಮೆ ಮಿಣುಕಿದರೂ ಚಾರ್ಜಿಂಗ್ ಅಲ್ಲಿಗೇ ನಿಲ್ಲುತ್ತದೆ. ಎರಡರಲ್ಲಿ ಆಫ್ ಬ್ಯಾಟರಿಗೆ ಒಳ್ಳೆಯದು, ಬೆಳಿಗ್ಗೆ ಪ್ರಯಾಣವಿದ್ದವರಿಗೆ ಕೆಟ್ಟದ್ದು.

ಕರೆಂಟು ಸರಿಯಾಗಿದ್ದ ದಿನವೂ ಟೈಮರಿಗೆ ತಿಳಿಯುವುದು ಹೊತ್ತು ಮಾತ್ರ. ಮೊಬೈಲು ಶೇಕಡಾ 20ರಲ್ಲಿದೆಯೋ 60ರಲ್ಲಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಇದನ್ನು ಬಲ್ಲದ್ದು ಮೊಬೈಲೇ. ಆದ್ದರಿಂದ ಈಚಿನ ಬಹಳಷ್ಟು ಮೊಬೈಲುಗಳ ಬ್ಯಾಟರಿ ಸೆಟ್ಟಿಂಗ್‌ನಲ್ಲಿರುವ ಶೇಕಡಾ 80ರ ಮಿತಿಯನ್ನು ಹಾಕಿ, ನೇರವಾಗಿ ಸಾಕೆಟ್ಟಿಗೆ ಹಚ್ಚಿಡುವುದೇ ಮೇಲು. ಲ್ಯಾಪ್‌ಟಾಪಿಗಂತೂ ಇದು ಇನ್ನೂ ಹೆಚ್ಚು ಸಲ್ಲುತ್ತದೆ: ಮಿತಿ ಹಾಕಿದ ಲ್ಯಾಪ್‌ಟಾಪು ಅಡಾಪ್ಟರಿನ ಕರೆಂಟಿನಲ್ಲೇ ನಡೆಯುತ್ತ ಬ್ಯಾಟರಿಯನ್ನು ಸುಮ್ಮನೆ ಬಿಡುತ್ತದೆ, ಆದರೆ ಕೆಲಸದ ನಡುವೆ ಪ್ಲಗ್ ಆಫ್ ಆದಾಗಲೆಲ್ಲ ಬ್ಯಾಟರಿ ಬಸಿದು ಮತ್ತೆ ತುಂಬಬೇಕಾಗುತ್ತದೆ, ಆ ಸವೆತ ಬೇರೆ. ಅಂಥ ಸೆಟ್ಟಿಂಗ್ ಇಲ್ಲದ ಹಳೆಯ ಯಂತ್ರಕ್ಕೆ ಟೈಮರ್ ಬೇಕೇ ಎನ್ನುವವರು ಅದನ್ನು ಇನ್ವರ್ಟರ್ ಲೈನಿನ ಸಾಕೆಟ್ಟಿಗೆ ಹಾಕಿಕೊಳ್ಳಬಹುದು. ಇನ್ವರ್ಟರ್ ಪೂರ್ತಿ ಇಳಿದುಹೋದ ದಿನ ಮಾತ್ರ ಡಯಲನ್ನು ಸರಿಪಡಿಸಬೇಕಾಗುತ್ತದೆ.