ಬ್ಯಾಂಕಿಗೆ ಬಂದ 431 ರೂಪಾಯಿ: ಒಂದು ಬೆಡ್‌ಶೀಟಿನ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಆನ್‌ಲೈನ್‌ನಲ್ಲಿ ಮಾರಲು ಹೆಸರು ನೋಂದಾಯಿಸುವಾಗ ನಾವೆಲ್ಲ ಒಂದು ಉದ್ದನೆಯ ನಿಯಮಾವಳಿಗೆ ಒಪ್ಪಿಗೆ ಒತ್ತಿರುತ್ತೇವೆ. ಅದರಲ್ಲಿ ಕಮಿಷನ್, ರಿಟರ್ನ್, ಸೆಟಲ್‌ಮೆಂಟ್ ಎಂಬ ಮೂರು ಭಾಗಗಳಿವೆ. ಒಂದೊಂದನ್ನೇ ಓದಿದರೆ ಯಾವುದೂ ಕಷ್ಟವಲ್ಲ. ಮೂರೂ ಸೇರಿ ಒಂದೇ ಆರ್ಡರಿನ ಮೇಲೆ ಬಿದ್ದಾಗ ಲೆಕ್ಕ ಕೈತಪ್ಪುತ್ತದೆ. ಅದಕ್ಕೇ ಇವತ್ತು ಒಂದು ಬೆಡ್‌ಶೀಟನ್ನು ಹಿಡಿದು, ಅದು ಮಾರಾಟವಾಗಿ ವಾಪಸ್ ಬರುವವರೆಗೆ ಲೆಕ್ಕ ಹಾಕೋಣ. ಶುಲ್ಕದ ದರಗಳನ್ನು ಉದಾಹರಣೆಗೆಂದು ನಾನೇ ಇಟ್ಟುಕೊಂಡಿದ್ದೇನೆ. ನೀವು ಮನೆಗೆ ಹೋಗಿ ನಿಮ್ಮ ರೇಟ್ ಕಾರ್ಡಿನ ಅಂಕಿ ಹಾಕಿಕೊಳ್ಳಿ. ತೆರಿಗೆಯ ದರಗಳು ಮಾತ್ರ ಇರುವಂಥವೇ.

ಬೆಡ್‌ಶೀಟಿನ ಬೆಲೆ 630 ರೂಪಾಯಿ. ಇದರಲ್ಲಿ ಶೇ 5ರ ಜಿಎಸ್‌ಟಿ 30 ರೂಪಾಯಿ ಸೇರಿದೆ, ಅಂದರೆ ನಿಮ್ಮ ಮಾರಾಟ 600. ಕಮಿಷನ್ ಶೇ 12 ಎಂದುಕೊಳ್ಳಿ. ಹೆಚ್ಚಿನ ಕಡೆ ಅದನ್ನು ಹಾಕುವುದು 600ರ ಮೇಲಲ್ಲ, ಗ್ರಾಹಕರು ಕೊಟ್ಟ 630ರ ಮೇಲೆ. ಹಾಗಾಗಿ 75 ರೂಪಾಯಿ 60 ಪೈಸೆ. ಇದರ ಜೊತೆಗೆ ಪ್ರತಿ ಆರ್ಡರಿಗೆ ಒಂದು ಸ್ಥಿರ ಶುಲ್ಕ ಇರುತ್ತದೆ, 25 ರೂಪಾಯಿ ಎನ್ನೋಣ. ಸಾಗಣೆಗೆ 65. ಒಟ್ಟು 165 ರೂಪಾಯಿ 60 ಪೈಸೆ. ಕಮಿಷನ್ ಶೇ 12 ಎಂದು ನಂಬಿಕೊಂಡಿದ್ದವರಿಗೆ ನಿಜವಾದ ಕಡಿತ ಶೇ 26 ದಾಟಿರುವುದು ಕಾಣುವುದು ಇಲ್ಲಿಯೇ.

ಈ ಶುಲ್ಕಗಳ ಮೇಲೆ ಶೇ 18ರ ಜಿಎಸ್‌ಟಿ, 29 ರೂಪಾಯಿ 81 ಪೈಸೆ. ಆಮೇಲೆ ಎರಡು ಸಣ್ಣ ಕಡಿತಗಳು. ಜಿಎಸ್‌ಟಿ ಕಾನೂನಿನ ಟಿಸಿಎಸ್ ಶೇ 0.5, ಅಂದರೆ 3 ರೂಪಾಯಿ. ಆದಾಯ ತೆರಿಗೆಯ ಟಿಡಿಎಸ್ ಶೇ 0.1, ಅಂದರೆ 60 ಪೈಸೆ. 2024ರಲ್ಲಿ ಇವೆರಡನ್ನೂ ಇಳಿಸಿದರು. ಅದಕ್ಕೂ ಮೊದಲು ಎರಡೂ ಶೇ 1 ಇದ್ದವು. ಎಲ್ಲ ಕಳೆದು ಬ್ಯಾಂಕಿಗೆ ಬರುವುದು ಸುಮಾರು 431 ರೂಪಾಯಿ.

ಈ ಕಡಿತಗಳೆಲ್ಲ ಒಂದೇ ಜಾತಿಯವಲ್ಲ, ಇದನ್ನು ದಯವಿಟ್ಟು ಗಮನಿಸಿ. 165.60 ಕೈಬಿಟ್ಟ ಹಣ. 29.81 ಹಾಗಲ್ಲ. ನೀವು ಮಾಮೂಲಿ ಜಿಎಸ್‌ಟಿ ನೋಂದಣಿಯಲ್ಲಿದ್ದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. ಟಿಸಿಎಸ್ ನಿಮ್ಮ ಜಿಎಸ್‌ಟಿ ಖಾತೆಯ ಕ್ಯಾಶ್ ಲೆಡ್ಜರಿಗೆ ಬರುತ್ತದೆ, ಆದರೆ ಪೋರ್ಟಲಿನಲ್ಲಿ ಅದನ್ನು ನೀವೇ ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದೆ ತಿಂಗಳುಗಟ್ಟಲೆ ಬಿಟ್ಟವರು ಬಹಳ ಮಂದಿ ಇದ್ದಾರೆ. ಟಿಡಿಎಸ್ ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ. ಹಾಗಾಗಿ ಲಾಭ ನೋಡಲು 600ರಿಂದ 165.60 ಮಾತ್ರ ಕಳೆಯಿರಿ. ಉಳಿಯುವುದು 434.40. ಬೆಡ್‌ಶೀಟಿನ ಅಸಲು 340, ಕವರು ಮತ್ತು ಟೇಪಿಗೆ 12. ನಿಮಗೆ ದಕ್ಕಿದ್ದು 82 ರೂಪಾಯಿ 40 ಪೈಸೆ.

ಈಗ ಅದೇ ಬೆಡ್‌ಶೀಟ್ ವಾಪಸ್ ಬಂತು ಎನ್ನಿ.

ರಿಟರ್ನ್‌ನಲ್ಲಿ ಎರಡು ಬಗೆ. ಗ್ರಾಹಕರು ಸಿಗದೆಯೋ, ಬಾಗಿಲಲ್ಲೇ ಬೇಡವೆಂದದ್ದಕ್ಕೋ ಕೊರಿಯರ್‌ನವರೇ ತಿರುಗಿಸಿ ತಂದರೆ ಅದು ಆರ್‌ಟಿಒ. ಕೈಗೆ ತೆಗೆದುಕೊಂಡು, ಬಿಚ್ಚಿ ನೋಡಿ ಹಿಂದಿರುಗಿಸಿದರೆ ಕಸ್ಟಮರ್ ರಿಟರ್ನ್. ಇವೆರಡಕ್ಕೂ ನಿಯಮಾವಳಿಯಲ್ಲಿ ಬೇರೆ ಬೇರೆ ಶುಲ್ಕ ಬರೆದಿರುತ್ತಾರೆ. ಸಾಮಾನ್ಯವಾಗಿ ಹೆಚ್ಚು ನೋಯಿಸುವುದು ಎರಡನೆಯದು, ಅದನ್ನೇ ನೋಡೋಣ. ನಮ್ಮ ಉದಾಹರಣೆಯಲ್ಲಿ ಕಮಿಷನ್, ಸ್ಥಿರ ಶುಲ್ಕ ಎರಡನ್ನೂ ವಾಪಸ್ ಕೊಡುತ್ತಾರೆ. ಹೋಗುವಾಗಿನ ಸಾಗಣೆ 65 ಕೊಡುವುದಿಲ್ಲ. ಬರುವಾಗಿನ ಸಾಗಣೆ 85 ಹಾಕುತ್ತಾರೆ. ಕವರಿನ 12 ಹೇಗೂ ಹೋಯಿತು. ಬೆಡ್‌ಶೀಟ್ ಚೆನ್ನಾಗಿಯೇ ವಾಪಸ್ ಬಂದರೂ ನಷ್ಟ 162 ರೂಪಾಯಿ. ಎರಡು ಮಾರಾಟದ ಲಾಭ ಒಂದು ರಿಟರ್ನಿಗೆ ಹೋಯಿತು.

ಹತ್ತು ಆರ್ಡರ್ ಕಳಿಸಿ ಎರಡು ವಾಪಸ್ ಬಂದರೆ, ಎಂಟರ ಲಾಭ 659, ಎರಡರ ನಷ್ಟ 324, ಉಳಿದದ್ದು 335. ಮೂರು ಬಂದರೆ ಉಳಿಯುವುದು ಸುಮಾರು 91. ನಾಲ್ಕು ಬಂದರೆ 150ಕ್ಕೂ ಮೇಲೆ ಕೈಯಿಂದ ಹೋಗುತ್ತದೆ. ಬಂದ ಮೂರರಲ್ಲಿ ಒಂದು ಕಲೆಯಾಗಿ ಮಾರಲು ಬಾರದಂತಿದ್ದರೆ ಅಸಲು 340 ಕೂಡ ಹೋಗಿ, ಆಗಲೇ ನಷ್ಟಕ್ಕೆ ಇಳಿಯುತ್ತೀರಿ. ಬೆಲೆ ಇಡುವ ಮೊದಲು ನಿಮ್ಮ ಮಾಲಿಗೆ ಹತ್ತರಲ್ಲಿ ಎಷ್ಟು ವಾಪಸ್ ಬರುತ್ತಿದೆ ಎಂದು ನೋಡಲೇಬೇಕು ಎನ್ನುವುದು ಇದಕ್ಕೇ. ಸೇಲ್ ಎಂದು 50 ರೂಪಾಯಿ ಇಳಿಸಲು ಒಪ್ಪುವಾಗ ಬಹಳಷ್ಟು ಮಂದಿ 82ರಲ್ಲಿ 50 ಹೋಯಿತು ಎಂದುಕೊಳ್ಳುತ್ತಾರೆ. ರಿಟರ್ನ್ ಸೇರಿಸಿದರೆ ಅಲ್ಲಿ ಉಳಿದದ್ದೇ ಇಲ್ಲ.

ಹಾಳಾಗಿ ಬಂದ ಮಾಲಿಗೆ, ಅಥವಾ ನಿಮ್ಮದಲ್ಲದ ಹಳೆಯ ಬಟ್ಟೆ ತುಂಬಿ ಬಂದ ಪೊಟ್ಟಣಕ್ಕೆ ಕ್ಲೈಮ್ ಹಾಕಲು ಅವಕಾಶವಿದೆ. ಅದಕ್ಕೆ ಗಡುವೂ ಇದೆ, ಕೆಲವೇ ದಿನ. ಪೊಟ್ಟಣ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ಆ ಕ್ಲೈಮ್ ನಿಲ್ಲುವುದು ಕಷ್ಟ. ವಿಡಿಯೊ ನಡುವೆ ನಿಲ್ಲಿಸಬೇಡಿ. ಮೊದಲು ಲೇಬಲಿನ ನಂಬರ್ ಓದಲು ಬರುವಂತೆ ತೋರಿಸಿ, ಪೊಟ್ಟಣವನ್ನು ಎಲ್ಲ ಕಡೆ ತಿರುಗಿಸಿ, ಆಮೇಲೆ ಕತ್ತರಿಸಿ.

ಇನ್ನು ಸೆಟಲ್‌ಮೆಂಟ್. ಡೆಲಿವರಿಯಾದ ಏಳು ದಿನಕ್ಕೆ ಹಣ ಎಂದು ನಿಯಮ ಇದೆ ಎನ್ನೋಣ. 1ನೇ ತಾರೀಕು ಆರ್ಡರ್, 2ಕ್ಕೆ ಕಳಿಸಿದಿರಿ, 6ಕ್ಕೆ ಡೆಲಿವರಿ. 13ರ ನಂತರ ಬರುವ ಪೇಮೆಂಟ್ ದಿನಕ್ಕೆ 431 ಜಮೆ. ಲೆಕ್ಕ ಶುರುವಾಗುವುದು ಆರ್ಡರಿನ ದಿನದಿಂದಲ್ಲ. ಕೆಲವು ಕಡೆ ಡೆಲಿವರಿಯಿಂದ, ಕೆಲವು ಕಡೆ ನೀವು ಕಳಿಸಿದ ದಿನದಿಂದ. ನಿಮ್ಮದರಲ್ಲಿ ಯಾವುದು ಎಂದು ಓದಿಕೊಳ್ಳಿ. ಮುಂದಿನ ಮಾಲು ತರಲು ಈ ಎರಡು ವಾರದ ಬಂಡವಾಳ ನಿಮ್ಮ ಕೈಯಲ್ಲೇ ಇರಬೇಕು.

ಗ್ರಾಹಕರು 12ಕ್ಕೆ ರಿಟರ್ನ್ ಕೇಳಿ, ಅದು ದಾಖಲಾಗುವಷ್ಟರಲ್ಲಿ ನಿಮಗೆ 431 ಬಂದಿರುತ್ತದೆ ಎನ್ನಿ. ಅದನ್ನು ಬ್ಯಾಂಕಿನಿಂದ ಎಳೆಯುವುದಿಲ್ಲ, ಮುಂದಿನ ಸೆಟಲ್‌ಮೆಂಟಿನಲ್ಲಿ ಮುರಿದುಕೊಳ್ಳುತ್ತಾರೆ. 431ರ ಜೊತೆಗೆ ಎರಡು ಕಡೆಯ ಸಾಗಣೆ 150, ಅದರ ಜಿಎಸ್‌ಟಿ 27. ಒಟ್ಟು 608. ಆ ವಾರ ನಿಮ್ಮದು ಎರಡೇ ಮಾರಾಟವಾಗಿ 862 ಬರಬೇಕಿದ್ದರೆ, ಜಮೆ ಆಗುವುದು 254. ಆಗ ಯಾರೋ ಹಣ ತಿಂದರು ಎಂಬ ಅನುಮಾನ ಬರುತ್ತದೆ. ಆದರೆ ಕಡಿತ ಈ ವಾರದ ಆರ್ಡರಿನದಲ್ಲ, ಹಳೆಯದರದು.

ಗೊತ್ತುಮಾಡಿಕೊಳ್ಳುವುದು ಹೀಗೆ. ಬ್ಯಾಂಕಿನ ಜಮೆಯಲ್ಲಿ ಯುಟಿಆರ್ ನಂಬರ್ ಇರುತ್ತದೆ. ಅದೇ ನಂಬರಿನ ಪೇಮೆಂಟ್ ಶೀಟ್ ಇಳಿಸಿಕೊಂಡು, ಮೈನಸ್ ಇರುವ ಸಾಲುಗಳನ್ನು ಬೇರೆ ಮಾಡಿ, ಆ ಆರ್ಡರ್ ಐಡಿ ಹಿಂದೆ ಯಾವ ಶೀಟಿನಲ್ಲಿ ಬಂದಿತ್ತು ಎಂದು ಹುಡುಕಿ. ಮೈನಸ್ ಆಗಿದ್ದೂ ಮಾಲು ನಿಮ್ಮ ಕೈಗೆ ಬಂದೇ ಇಲ್ಲದಿದ್ದರೆ ಅದು ದೂರು ಕೊಡಬೇಕಾದ ಸಾಲು. ಸಾಗಣೆ 65ರ ಬದಲು ಹೆಚ್ಚಾಗಿದ್ದರೆ ಅಳತೆ ನೋಡಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದದ್ದು ತಕ್ಕಡಿಯ ತೂಕಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. 30, 25, 8ರ ಪೊಟ್ಟಣ 1.2 ಕಿಲೊ ಆಗುತ್ತದೆ. ಒತ್ತಿ ಮಡಿಸಿ ಎತ್ತರ 6ಕ್ಕೆ ಇಳಿಸಿದರೆ 900 ಗ್ರಾಂ.

ಕೊನೆಯದಾಗಿ, ನಿಮ್ಮ ಲೆಕ್ಕಪತ್ರ ನೋಡುವವರಿಗೆ ಬ್ಯಾಂಕ್ ಪಾಸ್‌ಬುಕ್ ಮಾತ್ರ ಕೊಡಬೇಡಿ. ಅವರು 431ನ್ನೇ ಮಾರಾಟ ಎಂದು ಬರೆದರೆ, ಪ್ಲಾಟ್‌ಫಾರ್ಮ್ ಸರ್ಕಾರಕ್ಕೆ ತೋರಿಸಿದ 600ಕ್ಕೆ ತಾಳೆಯಾಗದೆ ನೋಟಿಸ್ ಬರಬಹುದು. ಮಾರಾಟ 600, ರಿಟರ್ನ್ ಆದದ್ದಕ್ಕೆ ಕ್ರೆಡಿಟ್ ನೋಟ್, ಶುಲ್ಕ ಖರ್ಚಿನ ಕಡೆ. ಪ್ರತಿ ತಿಂಗಳು ಪೇಮೆಂಟ್ ಶೀಟ್ ಮತ್ತು ಕಮಿಷನ್ ಬಿಲ್ ಎರಡನ್ನೂ ಅವರಿಗೆ ಕಳಿಸಿ.