ಇಪ್ಪತ್ತು ಭಾಷೆ, ಒಂದು ಸಾರ್ವತ್ರಿಕ ನಿಯಮ: ರೆಫರಿ ಏನು ಬರೆಯಬೇಕು?

ಸಂಶೋಧನಾ ಪತ್ರಿಕೆಯೊಂದು ಪ್ರಕಟಣೆಗೆ ಮುನ್ನ ಪರಿಶೀಲಿಸಿ ವರದಿ ಕೊಡಿ ಎಂದು ರೆಫರಿಗೆ ಒಂದು ಪ್ರಬಂಧ ಕಳಿಸಿದೆ ಎಂದಿಟ್ಟುಕೊಳ್ಳೋಣ. ಕರ್ಮಪದ ಕ್ರಿಯಾಪದಕ್ಕಿಂತ ಮೊದಲು ಬರುವ ಎಲ್ಲ ಭಾಷೆಗಳಲ್ಲೂ ಗುಣವಾಚಕ ನಾಮಪದದ ಮೊದಲೇ ಬರುತ್ತದೆ ಎಂಬುದು ಅದರ ವಾದ. ನೋಡಿರುವುದು 20 ಭಾಷೆ, ಅಪವಾದ ಒಂದೂ ಇಲ್ಲ.

‘ಮಾದರಿ ಚಿಕ್ಕದು’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ವರದಿಗಳಿವೆ. ಅದರಿಂದ ಲೇಖಕರಿಗೂ ಸಂಪಾದಕರಿಗೂ ಪ್ರಯೋಜನವಿಲ್ಲ. ಎಷ್ಟು ಚಿಕ್ಕದು ಎಂದು ಲೆಕ್ಕ ಹಾಕಿ ತೋರಿಸಬೇಕು.

‘ಹೀಗಿದ್ದರೆ ಹಾಗೆ’ ಎನ್ನುವ ನಿಯಮವನ್ನು ಮುರಿಯಬಲ್ಲದ್ದು ‘ಹೀಗಿರುವ’ ಭಾಷೆ ಮಾತ್ರ. ಈ 20ರಲ್ಲಿ 12 ಭಾಷೆಗಳಲ್ಲಿ ಕ್ರಿಯಾಪದವೇ ಮೊದಲು, ಕರ್ಮ ಆಮೇಲೆ. ಅವು ನಿಯಮದ ಪರವೂ ಅಲ್ಲ, ವಿರುದ್ಧವೂ ಅಲ್ಲ. ಉಳಿದದ್ದು 8: ಕನ್ನಡ, ತಮಿಳು, ತೆಲುಗು, ಹಿಂದಿ, ತುರ್ಕಿ, ಮಂಗೋಲಿಯನ್, ಜಪಾನಿ, ಕೊರಿಯನ್. ಜಗತ್ತಿನ ಇಂಥ ಭಾಷೆಗಳಲ್ಲಿ ಶೇ. 31ರಷ್ಟು ಅಪವಾದಗಳೇ ಆಗಿದ್ದರೂ, ಮನಬಂದಂತೆ ಹೆಕ್ಕಿದ 8ರಲ್ಲಿ ಒಂದೂ ಸಿಗದಿರುವ ಸಂಭವ 0.69ರ ಎಂಟನೇ ಘಾತ, ಅಂದರೆ ಸುಮಾರು ಶೇ. 5. ಮೂರು ದ್ರಾವಿಡ ಭಾಷೆಗಳನ್ನು ಒಂದೇ ಸಾಕ್ಷಿಯಾಗಿ ಎಣಿಸಿದರೆ ಉಳಿಯುವುದು 6. ಆಗ ಅಪವಾದಗಳ ಪಾಲು ಶೇ. 39ರಷ್ಟಿದ್ದರೂ ಒಂದೂ ಸಿಗದಿರುವ ಸಂಭವ ಅದೇ ಸುಮಾರು ಶೇ. 5. ‘ಎಲ್ಲ ಭಾಷೆಗಳಲ್ಲೂ’ ಎನ್ನುವುದಕ್ಕೆ ಇದು ತೀರ ತೆಳುವಾದ ಆಧಾರ.

ಇದಕ್ಕಿಂತ ದೊಡ್ಡ ತೊಡಕು, ಎಂಟೂ ಏಷ್ಯಾ ಮತ್ತು ಅದರ ಅಂಚಿನವು. ನೆರೆಹೊರೆಯ ಭಾಷೆಗಳು ಪದಕ್ರಮವನ್ನು ಪರಸ್ಪರ ಎರವಲು ಪಡೆಯುತ್ತವೆ. ಬೇರೆ ಕುಟುಂಬ ಎಂದಮಾತ್ರಕ್ಕೆ ಅವು ಸ್ವತಂತ್ರ ಸಾಕ್ಷಿಗಳಲ್ಲ. ಭಾಷಾವಿಜ್ಞಾನಿ ಮ್ಯಾಥ್ಯೂ ಡ್ರೈಯರ್ 1988ರಲ್ಲೇ ಇದೇ ವಿಷಯವನ್ನು ಖಂಡವಾರು ವಿಂಗಡಿಸಿ ನೋಡಿ, ಈ ಜೋಡಿ ಯುರೇಷ್ಯಾದಲ್ಲಿ ಕಾಣುವ ಪ್ರವೃತ್ತಿ, ಉಳಿದೆಡೆ ಅದು ನಿಲ್ಲುವುದಿಲ್ಲ ಎಂದು ತೋರಿಸಿದ್ದರು. ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಯಲ್ಲಿ ಕರ್ಮ ಮೊದಲು, ಆದರೆ ‘ಬಿಳಿ ಮನೆ’ಗೆ ‘ಎಚೆ ಸುರಿಯಾ’, ಅಕ್ಷರಶಃ ‘ಮನೆ ಬಿಳಿ’. ಟಿಬೆಟನ್ನೂ ಹೀಗೆಯೇ. ಪದಕ್ರಮದ ಸಾರ್ವತ್ರಿಕ ನಿಯಮಗಳನ್ನು ಹುಡುಕಲು ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಬಳಸಿದ 30 ಭಾಷೆಗಳಲ್ಲಿ ಕನ್ನಡದ ಜೊತೆಗೆ ಬಾಸ್ಕ್ ಕೂಡ ಇತ್ತು. ಆ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ.

ಇನ್ನೊಂದು ಪ್ರಶ್ನೆಯನ್ನು ರೆಫರಿಗಳು ಹೆಚ್ಚಾಗಿ ಬಿಟ್ಟುಬಿಡುತ್ತಾರೆ: ಗುಣವಾಚಕ ಎಂದು ಯಾವುದನ್ನು ಎಣಿಸಿದ್ದಾರೆ? ‘ದೊಡ್ಡ ಮನೆ’ ಸರಿ. ‘ಸುಂದರವಾದ ಮನೆ’ಯಲ್ಲಿರುವ ‘ಆದ’ ಕೃದಂತ. ರಚನೆಯಲ್ಲಿ ಅದು ‘ನಿನ್ನೆ ಬಂದ ಹುಡುಗ’ನ ಸಾಲಿಗೆ ಸೇರಿದ್ದು. ಎರಡನ್ನೂ ಒಂದೇ ಕಾಲಮ್ಮಿಗೆ ಹಾಕಿದರೆ, ಗುಣವಾಚಕದ ಹೆಸರಿನಲ್ಲಿ ವಿಶೇಷಣ ಉಪವಾಕ್ಯದ ಸ್ಥಾನವನ್ನೂ ಅಳೆದಂತಾಗುತ್ತದೆ. ಹಾಗಾಗಿ ಪ್ರತಿ ಭಾಷೆಗೂ ಉದಾಹರಣೆ ವಾಕ್ಯ, ವ್ಯಾಕರಣ ಗ್ರಂಥದ ಪುಟಸಂಖ್ಯೆ, ವರ್ಗೀಕರಣದ ಮಾನದಂಡ ಇರುವ ಕೋಷ್ಟಕ ಕೇಳಬೇಕು.

ತೀರ್ಪು? ಇಲ್ಲಿ ಪ್ರತ್ಯುದಾಹರಣೆ ಕಣ್ಣೆದುರೇ ಇರುವುದರಿಂದ ತಿರಸ್ಕಾರವೇ ಸರಿ. ‘ಇನ್ನಷ್ಟು ಭಾಷೆ ಸೇರಿಸಿ ಕಳಿಸಿ’ ಎಂದರೆ ಲೇಖಕರ ಒಂದು ವರ್ಷ ಹಾಳು. ಯುರೇಷ್ಯಾದೊಳಗೆ ಈ ಜೋಡಿ ಸಂಪರ್ಕದಿಂದ ಹರಡಿತೇ ಎಂಬ ಪ್ರಶ್ನೆಗೆ ಅವರ ದತ್ತಾಂಶ ಪ್ರಯೋಜನಕ್ಕೆ ಬಂದೀತು. ಅದನ್ನು ಬೇರೆ ಪ್ರಬಂಧವಾಗಿ ಬರೆಯಲು ಸೂಚಿಸಬಹುದು.