ಗಾಳಿ ತಡೆದರೆ ಉಪಗ್ರಹದ ವೇಗ ಜಾಸ್ತಿಯಾಗುತ್ತದೆ! ಹೇಗೆ?

[ದೃಶ್ಯ: ಭೂಮಿಯನ್ನು ಸುತ್ತುತ್ತಿರುವ ಬಾಹ್ಯಾಕಾಶ ನಿಲ್ದಾಣ]

ನಮಸ್ಕಾರ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲೂ ಚೂರು ಗಾಳಿ ಇದೆ. ಅದು ನಿಲ್ದಾಣವನ್ನು ತಡೆಯುತ್ತಲೇ ಇರುತ್ತದೆ. ಹಾಗಾದರೆ ವೇಗ ಕಡಿಮೆಯಾಗಬೇಕು, ಅಲ್ವಾ? ಇಲ್ಲ, ಜಾಸ್ತಿಯಾಗುತ್ತದೆ!

ಮೊದಲು ಕಕ್ಷಾ ವೇಗ ನೋಡೋಣ.

[ಪರದೆ: v = √(GM/r)]

ಇಲ್ಲಿ r ಅಂದರೆ ಭೂಮಿಯ ಕೇಂದ್ರದಿಂದ ಇರುವ ದೂರ. ಬರೀ 400 ಹಾಕಬೇಡಿ, ಪರೀಕ್ಷೆಯಲ್ಲಿ ಅಂಕ ಹೋಗುವುದೇ ಇಲ್ಲಿ. 6371 ಕೂಡಿಸಿ, 6771 ಕಿಲೋಮೀಟರ್. ವೇಗ ಸೆಕೆಂಡಿಗೆ 7.67 ಕಿಲೋಮೀಟರ್ ಬರುತ್ತದೆ. ಸೂತ್ರದಲ್ಲಿ ಉಪಗ್ರಹದ ತೂಕದ ಮಾತೇ ಇಲ್ಲ, ಗಮನಿಸಿ.

ಈಗ ಶಕ್ತಿಯ ಲೆಕ್ಕ. ಒಂದು ಕಿಲೋಗ್ರಾಂ ತೆಗೆದುಕೊಳ್ಳೋಣ. ಅದರ ಚಲನ ಶಕ್ತಿ 29.4 ಮೆಗಾಜೂಲ್. ಪ್ರಚ್ಛನ್ನ ಶಕ್ತಿ ಇದರ ಎರಡರಷ್ಟು, ಆದರೆ ಋಣ: −58.9. ಅನಂತ ದೂರದಲ್ಲಿ ಅದನ್ನು ಸೊನ್ನೆ ಅಂತ ಇಟ್ಟುಕೊಂಡಿದ್ದೇವೆ, ಅದಕ್ಕೇ ಹತ್ತಿರ ಬಂದಷ್ಟೂ ಋಣ. ಎರಡನ್ನೂ ಕೂಡಿಸಿದರೆ ಸುಮಾರು −29.4.

[ಪರದೆ: E = −GMm/2r]

ಮೊತ್ತ ಋಣವಾಗಿರುವವರೆಗೆ ಉಪಗ್ರಹ ಭೂಮಿಗೆ ಕಟ್ಟುಬಿದ್ದಿರುತ್ತದೆ. ಬಿಡಿಸಿಕೊಳ್ಳಬೇಕಾದರೆ ಮೊತ್ತ ಸೊನ್ನೆಗೆ ಬರಬೇಕು. ಅಂದರೆ ಇನ್ನೊಂದು 29.4 ಬೇಕು. ಚಲನ ಶಕ್ತಿ ಎರಡರಷ್ಟಾಗಬೇಕು, ವೇಗ √2 ಪಟ್ಟು ಸಾಕು. 7.67 ಇದ್ದದ್ದು 10.85 ಆಗುತ್ತದೆ. ಅಲ್ಲಿನ ವಿಮೋಚನಾ ವೇಗ ಇದೇ. ಪುಸ್ತಕದ 11.2 ನೆಲದಿಂದ ಹೊರಟರೆ ಮಾತ್ರ.

ಈಗ ಗಾಳಿಗೆ ಬರೋಣ. ನಿಲ್ದಾಣ 2 ಕಿಲೋಮೀಟರ್ ಕೆಳಗಿಳಿಯಿತು ಅನ್ನಿ. ಪ್ರತಿ ಕಿಲೋಗ್ರಾಂಗೆ ಪ್ರಚ್ಛನ್ನ ಶಕ್ತಿ ಸುಮಾರು 17.4 ಕಿಲೋಜೂಲ್ ಇಳಿಯುತ್ತದೆ. ಅದರಲ್ಲಿ ಅರ್ಧ, 8.7, ಗಾಳಿಯ ಪಾಲು; ಶಾಖವಾಗಿ ಹೋಯಿತು. ಉಳಿದರ್ಧ ಚಲನ ಶಕ್ತಿಗೆ ಸೇರಿತು. ಮೊತ್ತ ಕಡಿಮೆಯಾಯಿತು, ವೇಗ ಮಾತ್ರ ಸೆಕೆಂಡಿಗೆ 1.1 ಮೀಟರ್ ಏರಿತು.

[ದೃಶ್ಯ: ಒಳಕ್ಕೆ ಸುರುಳಿಯಾಗುವ ದಾರಿ, ಎರಡು ಬಾಣಗಳು]

ಮುಂದಕ್ಕೆ ತಳ್ಳಿದ್ದು ಯಾರು? ಗುರುತ್ವ. ದಾರಿ ಈಗ ಸರಿಯಾದ ವೃತ್ತವಲ್ಲ, ಸ್ವಲ್ಪ ಒಳಕ್ಕೆ ಇಳಿಜಾರು. ಹಾಗಾಗಿ ಗುರುತ್ವದ ಒಂದು ಸಣ್ಣ ಭಾಗ ಮುಂದಕ್ಕೆ ಎಳೆಯುತ್ತದೆ. ಆ ಭಾಗ ಗಾಳಿಯ ತಡೆಯ ಎರಡರಷ್ಟು! ನಿಧಾನವಾಗಿ ಇಳಿಯುವ ಕಕ್ಷೆಗೆ ಮಾತ್ರ ಈ ಲೆಕ್ಕ. ತೀರಾ ಕೆಳಗೆ ದಟ್ಟ ಗಾಳಿ ಸಿಕ್ಕಿತೋ, ಆಗ ತಡೆಯೇ ಗೆಲ್ಲುತ್ತದೆ.

ಇದು ನೆಲದಿಂದಲೂ ಗೊತ್ತಾಗುತ್ತದೆ. 2 ಕಿಲೋಮೀಟರ್ ಇಳಿದ ನಿಲ್ದಾಣದ ಪ್ರತಿ ಸುತ್ತೂ ಎರಡೂವರೆ ಸೆಕೆಂಡ್ ಬೇಗ ಮುಗಿಯುತ್ತದೆ. ಹಳೆಯ ಕಕ್ಷೆಯ ಲೆಕ್ಕ ಹಿಡಿದು ಕಾದರೆ, ಒಂದೇ ದಿನದಲ್ಲಿ ಅದು ಸುಮಾರು 38 ಸೆಕೆಂಡ್ ಮೊದಲೇ ಹಾದುಹೋಗಿರುತ್ತದೆ.

ಮತ್ತೆ ಮೇಲೇರಿಸಲು ಎಂಜಿನ್ ಉರಿಸಿ ಮುಂದಕ್ಕೇ ತಳ್ಳಬೇಕು. ಎರಡು ಸಲ ಸೇರಿ ಸೆಕೆಂಡಿಗೆ 1.1 ಮೀಟರಿನಷ್ಟು ತಳ್ಳಿದರೆ ಸಾಕು. ಮೇಲೆ ತಲುಪಿದಾಗ ವೇಗ ಮೊದಲಿಗಿಂತ ಅಷ್ಟೇ ಕಡಿಮೆ ಇರುತ್ತದೆ!